ಕುದುರೆ ಅದೇ, ಕೋಣೆ ಬೇರೆ

ಚನ್ನಪಟ್ಟಣದ ಮರದ ಕುದುರೆಯ ಫೋಟೋ ಇದೆ. ಅದನ್ನು ಮಗುವಿನ ಕೋಣೆಯಲ್ಲಿ ಇಟ್ಟಂತೆ ತೋರಿಸಬೇಕು ಎನ್ನಿ. ಸ್ಟೇಬಲ್ ಡಿಫ್ಯೂಷನ್‌ನಂಥ ಎಐಗೆ ಇಡೀ ಫೋಟೋ ಕೊಟ್ಟರೆ ಇಕ್ಕಟ್ಟು ಶುರು. ಬದಲಾವಣೆಯ ಪ್ರಮಾಣವನ್ನು 0.3ರ ಆಸುಪಾಸಿಗೆ ಇಟ್ಟರೆ ಹಿನ್ನೆಲೆ ಹೆಚ್ಚೇನೂ ಬದಲಾಗದು, 0.7 ದಾಟಿಸಿದರೆ ಕುದುರೆಯ ಕಿವಿ, ಚಕ್ರಗಳೇ ಬೇರೆಯಾಗುತ್ತವೆ. ಕುದುರೆಯನ್ನು ಬರೀ ಮಾದರಿ ಚಿತ್ರವಾಗಿ ಕೊಟ್ಟರೂ ಸಿಗುವುದು ಹೋಲಿಕೆ ಮಾತ್ರ, ಅಳತೆಯಲ್ಲ.

ಹಾಗಾಗಿ ಕುದುರೆಯ ಅಂಚಿನುದ್ದಕ್ಕೂ ಮಾಸ್ಕ್ ಎಳೆದು, ಹೊರಭಾಗವನ್ನಷ್ಟೇ ಹೊಸದಾಗಿ ಬರೆಸಬೇಕು. ಇಲ್ಲೂ ಒಂದು ಗುಟ್ಟಿದೆ: ಮಾದರಿಯು ಇಡೀ ಚಿತ್ರವನ್ನು ಕುಗ್ಗಿಸಿ ಮತ್ತೆ ಹಿಗ್ಗಿಸುವುದರಿಂದ, ಮುಟ್ಟದ ಭಾಗದ ಸಣ್ಣ ಗೆರೆ, ಅಕ್ಷರಗಳೂ ಮಸುಕಾಗಬಹುದು. ಕೊನೆಗೆ ಮೂಲ ಫೋಟೋದ ಕುದುರೆಯನ್ನೇ ಅದೇ ಜಾಗದಲ್ಲಿ ಕೂರಿಸಿ. ಎರಡೂ ಚಿತ್ರಗಳನ್ನು ಒಂದರ ಮೇಲೊಂದಿಟ್ಟು ಎಡಿಟರ್‌ನಲ್ಲಿ ‘ಡಿಫರೆನ್ಸ್’ ಆರಿಸಿದರೆ ಕುದುರೆಯ ಜಾಗ ಪೂರ್ತಿ ಕಪ್ಪಾಗಬೇಕು. ಅಂಚಿನಲ್ಲಿ ಬೆಳಕಿನ ಗೆರೆ ಕಂಡರೆ ಆಕಾರ ಜರುಗಿದೆ ಎಂದರ್ಥ.

ಚಕ್ರದಡಿಯ ನೆರಳನ್ನು ಮಾತ್ರ ಹೊಸದಾಗಿ ಬರೆಯಲು ಬಿಡಿ, ಇಲ್ಲವಾದರೆ ಕುದುರೆ ತೇಲಿದಂತೆ ಕಾಣುತ್ತದೆ. ಮೂಲದಲ್ಲಿ ಎಡಗಡೆಯಿಂದ ಬೆಳಕಿದ್ದರೆ ಕಿಟಕಿಯೂ ಎಡಕ್ಕೇ ಇರಲಿ. ಬೆಳಕು ಹೊಂದದಿದ್ದರೆ ಮಾಸ್ಕ್ ತಿದ್ದುತ್ತ ಕೂರುವುದಕ್ಕಿಂತ ಫೋಟೋವನ್ನೇ ಮತ್ತೆ ತೆಗೆಯುವುದು ಲೇಸು.