ಸೊನ್ನೆ ಎಲ್ಲಿದೆ ಎಂದು ಮೊದಲು ಕೇಳಿ

ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುವ ಒಂದು ಬಗೆಯ ಪ್ರಶ್ನೆ ಇದೆ. ‘ನೆಲಮಟ್ಟಕ್ಕಿಂತ ಎರಡು ಮಹಡಿ ಕೆಳಗಿರುವ ಲಿಫ್ಟ್ ಏಳು ಮಹಡಿ ಮೇಲೇರಿ, ನಾಲ್ಕು ಮಹಡಿ ಇಳಿದರೆ ಈಗ ಎಲ್ಲಿದೆ?’ ‘ರಾತ್ರಿ ಮೈನಸ್ 10 ಡಿಗ್ರಿ, ಹಗಲು 4 ಡಿಗ್ರಿ ಇದ್ದರೆ ವ್ಯತ್ಯಾಸ ಎಷ್ಟು?’ ಲೆಕ್ಕ ಏಳನೇ ತರಗತಿಯದು. ಆದರೂ ಇಲ್ಲಿ ಅಂಕ ಕಳೆದುಕೊಳ್ಳುವವರು ಕಡಿಮೆಯಿಲ್ಲ. ‘ಮೈನಸ್ ಇಂಟು ಮೈನಸ್ ಪ್ಲಸ್’ ಎಂಬ ಸೂತ್ರ ಎಲ್ಲರ ಬಾಯಲ್ಲೂ ಇದೆ. ಸೊನ್ನೆ ಎಲ್ಲಿದೆ, ಅದನ್ನು ಅಲ್ಲಿ ಇಟ್ಟವರು ಯಾರು ಎಂದು ಕೇಳುವವರು ಮಾತ್ರ ಅಪರೂಪ.

ಸಂಖ್ಯಾರೇಖೆ ಎಂದರೆ ಒಂದು ನೇರ ಗೆರೆ. ನಡುವೆ ಸೊನ್ನೆ, ಬಲಕ್ಕೆ 1, 2, 3, ಎಡಕ್ಕೆ −1, −2, −3, ಎಲ್ಲವೂ ಸಮಾನ ಅಂತರದಲ್ಲಿ. ಸಾಲ, ಮಹಡಿ, ತಾಪಮಾನ ಈ ಮೂರನ್ನೂ ಇದೇ ಗೆರೆಯ ಮೇಲೆ ತೋರಿಸುವುದು ಪಠ್ಯಪುಸ್ತಕಗಳ ರೂಢಿ. ಮೂರೂ ಒಂದೇ ರೀತಿ ಕಾಣುತ್ತವೆ. ಆದರೆ ಮೂರರ ಸೊನ್ನೆಯೂ ಒಂದೇ ಅಲ್ಲ.

ಸಾಲದ ಸೊನ್ನೆ

ಮೊದಲು ಸಾಲ. ಋಣ ಸಂಖ್ಯೆ ಎಂಬ ಹೆಸರಿನಲ್ಲೇ ಸಾಲ ಇದೆ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ತನ್ನ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಧನ, ಋಣ ಮತ್ತು ಶೂನ್ಯಗಳನ್ನು ಕೂಡುವ, ಕಳೆಯುವ ನಿಯಮಗಳನ್ನು ಬರೆದಿಟ್ಟ. ಸೊನ್ನೆಯಿಂದ ಋಣವನ್ನು ಕಳೆದರೆ ಧನ ಬರುತ್ತದೆ ಎಂಬುದು ಅವುಗಳಲ್ಲಿ ಒಂದು. ನಮ್ಮ ಕನ್ನಡ ಗಣಿತ ಪುಸ್ತಕಗಳು ಇಂದಿಗೂ ಬಳಸುವುದು ಅವೇ ಪದಗಳನ್ನು.

ಆ ನಿಯಮ ಏನು ಹೇಳುತ್ತದೆ ಎಂಬುದನ್ನು ಒಬ್ಬ ಹಾಸ್ಟೆಲ್ ವಿದ್ಯಾರ್ಥಿಯ ಲೆಕ್ಕದಲ್ಲಿ ನೋಡೋಣ. ಅವನ ಕೈಯಲ್ಲಿ 800 ರೂಪಾಯಿ ಇದೆ. ಕ್ಯಾಂಟೀನಿನಲ್ಲಿ 300 ರೂಪಾಯಿ ಬಾಕಿ, ಗೆಳೆಯನಿಗೆ 1,200 ರೂಪಾಯಿ ಕೊಡಬೇಕು. ಸಂಖ್ಯಾರೇಖೆಯಲ್ಲಿ ಅವನು 800ರಿಂದ ಹೊರಟು ಎಡಕ್ಕೆ 300 ಹೆಜ್ಜೆ ಬಂದರೆ 500ರಲ್ಲಿ ನಿಲ್ಲುತ್ತಾನೆ. ಅಲ್ಲಿಂದ ಮತ್ತೆ ಎಡಕ್ಕೆ 1,200 ಹೆಜ್ಜೆ ಇಟ್ಟರೆ ಸೊನ್ನೆಯನ್ನು ದಾಟಿ −700ಕ್ಕೆ ಬರುತ್ತಾನೆ. ಜೇಬಿನಲ್ಲಿ 800 ರೂಪಾಯಿ ಇದ್ದರೂ ಅವನ ನಿಜವಾದ ಸ್ಥಿತಿ −700.

ಈಗ ಗೆಳೆಯ, ‘ಅದರಲ್ಲಿ ಐನೂರು ಬಿಟ್ಟುಬಿಡು ಮಾರಾಯ, ಕೊಡಬೇಡ’ ಎನ್ನುತ್ತಾನೆ. ಅಂದರೆ 500 ರೂಪಾಯಿಯ ಒಂದು ಸಾಲವನ್ನು ಲೆಕ್ಕದಿಂದ ಕಳೆದ ಹಾಗಾಯಿತು. ಬರೆಯುವುದು ಹೀಗೆ: −700 − (−500) = −200. ಗೆಳೆಯ ಸಾಲ ಬಿಡದೆ, ಊರಿನಿಂದ ಅಪ್ಪ 500 ರೂಪಾಯಿ ಕಳುಹಿಸಿದ್ದರೆ? ಆಗ −700 + 500 = −200. ಎರಡೂ ದಾರಿಯಲ್ಲಿ ಅವನು ನಿಂತದ್ದು ಒಂದೇ ಜಾಗದಲ್ಲಿ. ಋಣವನ್ನು ಕಳೆಯುವುದು ಕೂಡಿದ ಹಾಗೆ ಏಕೆ ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ. ಗೆಳೆಯ ಹಣ ಕೊಡಲಿಲ್ಲ, ಜೇಬು ಮೊದಲಿನಂತೆಯೇ ಇದೆ. ಆದರೂ ಹುಡುಗ ಬಲಕ್ಕೆ 500 ಹೆಜ್ಜೆ ಬಂದ.

ಇದೇ ಲೆಕ್ಕದಲ್ಲಿ ಇನ್ನೊಂದು ಗೊಂದಲವೂ ಬಗೆಹರಿಯುತ್ತದೆ. −700 ಮತ್ತು −200ರಲ್ಲಿ ಯಾವುದು ದೊಡ್ಡದು? ಸಾಲವಾಗಿ ನೋಡಿದರೆ 700 ರೂಪಾಯಿಯ ಸಾಲವೇ ದೊಡ್ಡದು. ಆದರೆ ಸಂಖ್ಯೆಯಾಗಿ −700 ಚಿಕ್ಕದು, ಏಕೆಂದರೆ ಅದು ಇನ್ನಷ್ಟು ಎಡಕ್ಕಿದೆ. ‘ದೊಡ್ಡದು’ ಎಂಬ ಒಂದೇ ಮಾತು ಎರಡು ಪ್ರಶ್ನೆಗಳನ್ನು ಕೇಳುತ್ತದೆ. ಸೊನ್ನೆಯಿಂದ ಎಷ್ಟು ದೂರ ಎಂಬುದು ಒಂದು, ಗೆರೆಯಲ್ಲಿ ಯಾವುದು ಬಲಕ್ಕಿದೆ ಎಂಬುದು ಇನ್ನೊಂದು. ಪರೀಕ್ಷೆಯಲ್ಲಿ ಏರಿಕೆ ಕ್ರಮದಲ್ಲಿ ಬರೆಯಿರಿ ಎಂದಾಗ ಕೇಳುತ್ತಿರುವುದು ಎರಡನೆಯದನ್ನು.

ಸಾಲದ ಲೆಕ್ಕದಲ್ಲಿ ಸೊನ್ನೆಗೆ ನಿಜವಾದ ಅರ್ಥವಿದೆ. ಕೊಡಬೇಕಾದದ್ದೂ ಕೈಯಲ್ಲಿರುವುದೂ ಸರಿಹೋದ ಜಾಗ ಅದು. ಆದ್ದರಿಂದಲೇ ಇಲ್ಲಿ ಕೂಡುವುದು, ಕಳೆಯುವುದು, ‘ಎರಡು ಪಟ್ಟು ಸಾಲ’ ಎನ್ನುವುದು ಎಲ್ಲವೂ ಅರ್ಥಪೂರ್ಣ.

ಮಹಡಿಯ ಸೊನ್ನೆ

ಈಗ ಲಿಫ್ಟಿಗೆ ಬರೋಣ. ನಮ್ಮ ಊರುಗಳ ಕಟ್ಟಡಗಳಲ್ಲಿ ಲಿಫ್ಟಿನ ಗುಂಡಿಗಳು ಸಾಮಾನ್ಯವಾಗಿ ಕೆಳಗಿನಿಂದ ಬಿ2, ಬಿ1, ಜಿ, 1, 2, 3 ಎಂದು ಸಾಗುತ್ತವೆ. ಬಿ ಎಂದರೆ ನೆಲಮಾಳಿಗೆ, ಜಿ ಎಂದರೆ ನೆಲಮಹಡಿ. ಜಿಯನ್ನು ಸೊನ್ನೆ ಎಂದುಕೊಂಡರೆ ಬಿ1 ಎಂಬುದು −1, ಬಿ2 ಎಂಬುದು −2. ಸಂಖ್ಯಾರೇಖೆಯನ್ನು ಎತ್ತಿ ನಿಲ್ಲಿಸಿದ ಹಾಗೆ.

ಆರಂಭದ ಪ್ರಶ್ನೆಯ ಲಿಫ್ಟ್ −2ರಲ್ಲಿತ್ತು. ಏಳು ಮೇಲೇರಿದರೆ 5, ಅಲ್ಲಿಂದ ನಾಲ್ಕು ಇಳಿದರೆ 1. ಹಾಗಾಗಿ ಈಗ ಅದು ಮೊದಲ ಮಹಡಿಯಲ್ಲಿದೆ. ಆದರೆ ಪ್ರಶ್ನೆ ‘ಒಟ್ಟು ಎಷ್ಟು ಮಹಡಿ ಸಂಚರಿಸಿತು’ ಎಂದಿದ್ದರೆ ಉತ್ತರ 7 + 4 = 11. ‘ಹೊರಟಲ್ಲಿಂದ ಎಷ್ಟು ಮೇಲಿದೆ’ ಎಂದಿದ್ದರೆ 1 − (−2) = 3. ಒಂದೇ ಲಿಫ್ಟ್, ಒಂದೇ ಓಡಾಟ, ಮೂರು ಬೇರೆ ಉತ್ತರ. ನಿಂತ ಜಾಗ, ನಡೆದ ದೂರ, ಹೊರಟಲ್ಲಿಗೂ ತಲುಪಿದಲ್ಲಿಗೂ ಇರುವ ಅಂತರ ಈ ಮೂರನ್ನು ಬೇರೆ ಬೇರೆಯಾಗಿ ಇಟ್ಟುಕೊಂಡವರಿಗೆ ಇಂಥ ಪ್ರಶ್ನೆ ಕಾಡುವುದಿಲ್ಲ.

ಇನ್ನು ಒಂದು ತಿರುವು. ಅಮೆರಿಕದಲ್ಲಿ ನೆಲಮಟ್ಟದ ಮಹಡಿಯನ್ನೇ ಸಾಮಾನ್ಯವಾಗಿ ಒಂದನೇ ಮಹಡಿ ಎನ್ನುತ್ತಾರೆ. ಅದರ ಕೆಳಗೆ ನೇರವಾಗಿ ಬಿ1. ಅಲ್ಲಿ ಬಿ2ರಿಂದ 5ನೇ ಮಹಡಿಗೆ ಹೋದರೆ ನಮ್ಮ ಲೆಕ್ಕ 5 − (−2) = 7 ಎನ್ನುತ್ತದೆ. ಆದರೆ ಎಣಿಸಿ ನೋಡಿ: ಬಿ2ರಿಂದ ಬಿ1, ಅಲ್ಲಿಂದ 1, 2, 3, 4, 5. ಹತ್ತಿದ್ದು ಆರೇ ಮಹಡಿ. ಕಳೆಯುವ ನಿಯಮ ತಪ್ಪಿಲ್ಲ. ಆ ಕಟ್ಟಡದಲ್ಲಿ ಸೊನ್ನೆ ಇಲ್ಲ, ಅಷ್ಟೇ. ಸೊನ್ನೆ ಕಾಣೆಯಾದ ಗೆರೆ ಸಂಖ್ಯಾರೇಖೆಯಂತೆ ಕಂಡರೂ ಸಂಖ್ಯಾರೇಖೆಯಲ್ಲ. ಕೆಳಗಿನಿಂದ ಮೇಲಕ್ಕೆ ದಾಟುವಾಗ ಒಂದು ಹೆಜ್ಜೆ ಕಡಿಮೆಯಾಗುತ್ತದೆ.

ಇತಿಹಾಸ ಓದುವವರು ಇದನ್ನು ಗಮನಿಸಲೇಬೇಕು. ನಾವು ಬಳಸುವ ಕ್ರಿಸ್ತಶಕದ ಎಣಿಕೆಯಲ್ಲೂ ಸೊನ್ನೆಯ ವರ್ಷವಿಲ್ಲ. ಕ್ರಿ.ಪೂ. 1 ಮುಗಿದ ಮರುದಿನವೇ ಕ್ರಿ.ಶ. 1 ಶುರು. ರೋಮಿನ ಚಕ್ರವರ್ತಿ ಆಗಸ್ಟಸ್ ಹುಟ್ಟಿದ್ದು ಕ್ರಿ.ಪೂ. 63ರ ಸೆಪ್ಟೆಂಬರ್ 23ರಂದು, ತೀರಿಕೊಂಡದ್ದು ಕ್ರಿ.ಶ. 14ರ ಆಗಸ್ಟ್ 19ರಂದು. 14 − (−63) ಎಂದರೆ 77. ಸೊನ್ನೆಯ ವರ್ಷ ಇಲ್ಲದ್ದರಿಂದ ಒಂದು ಕಳೆಯಬೇಕು, 76. ಆ ವರ್ಷದ ಹುಟ್ಟುಹಬ್ಬಕ್ಕೆ ಇನ್ನೂ ಒಂದು ತಿಂಗಳಿಗಿಂತ ಹೆಚ್ಚು ಬಾಕಿ ಇತ್ತು. ಹಾಗಾಗಿ ತೀರಿಕೊಂಡಾಗ ಅವನಿಗೆ ತುಂಬಿದ್ದ ವಯಸ್ಸು 75. ಖಗೋಳ ವಿಜ್ಞಾನಿಗಳು ಈ ತೊಡಕೇ ಬೇಡವೆಂದು ಕ್ರಿ.ಪೂ. 1ನ್ನು ಸೊನ್ನೆ, ಕ್ರಿ.ಪೂ. 2ನ್ನು −1 ಎಂದು ಎಣಿಸುತ್ತಾರೆ. ಆಗ ಕಳೆಯುವ ನಿಯಮ ನೇರವಾಗಿ ಕೆಲಸ ಮಾಡುತ್ತದೆ.

ತಾಪಮಾನದ ಸೊನ್ನೆ

ಕೊನೆಯದು ತಾಪಮಾನ. ಚಳಿಗಾಲದಲ್ಲಿ ಲಡಾಖಿನ ಒಂದು ರಾತ್ರಿ −10 ಡಿಗ್ರಿ ಸೆಲ್ಸಿಯಸ್ ಎಂದುಕೊಳ್ಳಿ. ಇಲ್ಲಿ ಸೊನ್ನೆ ಎಂದರೆ ಶಾಖವೇ ಇಲ್ಲ ಎಂದಲ್ಲ. ನೀರು ಮಂಜುಗಡ್ಡೆಯಾಗುವ ಮಟ್ಟವನ್ನು ಸೊನ್ನೆ ಎಂದು ನಾವು ಗುರುತು ಹಾಕಿಕೊಂಡಿದ್ದೇವೆ. ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ 1742ರಲ್ಲಿ ತನ್ನ ಮಾಪಕವನ್ನು ಮುಂದಿಟ್ಟಾಗ ಗುರುತುಗಳು ತಲೆಕೆಳಗಾಗಿದ್ದವು. ನೀರು ಕುದಿಯುವುದು 0, ಹೆಪ್ಪುಗಟ್ಟುವುದು 100. ಇಂದಿನ ರೂಪಕ್ಕೆ ಅದನ್ನು ತಿರುಗಿಸಿದ್ದು ಅವನು ತೀರಿಕೊಂಡ ನಂತರ. ಹಳೆಯದೇ ಉಳಿದಿದ್ದರೆ ಲಡಾಖಿನ ಆ ರಾತ್ರಿ 110 ಡಿಗ್ರಿ ಆಗಿರುತ್ತಿತ್ತು. ಎಷ್ಟೇ ಚಳಿಯಾದರೂ ಮೈನಸ್ ಬರುತ್ತಲೇ ಇರಲಿಲ್ಲ!

ಸೊನ್ನೆ ನಮ್ಮ ಆಯ್ಕೆಯಾದಾಗ ಕೆಲವು ಲೆಕ್ಕಗಳು ಅರ್ಥ ಕಳೆದುಕೊಳ್ಳುತ್ತವೆ. −20 ಡಿಗ್ರಿ ಎಂಬುದು −10ರ ಎರಡು ಪಟ್ಟು ಚಳಿಯೇ? ಅದೇ ಎರಡು ರಾತ್ರಿಗಳನ್ನು ಫ್ಯಾರನ್‌ಹೀಟಿನಲ್ಲಿ ಅಳೆಯೋಣ. ಸೆಲ್ಸಿಯಸ್ ಸಂಖ್ಯೆಯನ್ನು 9ರಿಂದ ಗುಣಿಸಿ, 5ರಿಂದ ಭಾಗಿಸಿ, 32 ಕೂಡಬೇಕು. −10 ಡಿಗ್ರಿಗೆ 14 ಬರುತ್ತದೆ, −20 ಡಿಗ್ರಿಗೆ −4. ಚಳಿ ಬದಲಾಗಿಲ್ಲ, ಆದರೆ ಒಂದು ರಾತ್ರಿಯ ಮೈನಸ್ಸೇ ಮಾಯವಾಯಿತು. ಎರಡು ಪಟ್ಟು ಎಂಬ ಸಂಬಂಧವೂ ಉಳಿಯಲಿಲ್ಲ. ಸಾಲದಲ್ಲಿ ಹೀಗಾಗುವುದಿಲ್ಲ. ರೂಪಾಯಿಯಲ್ಲಿ ಬರೆದರೂ ಪೈಸೆಯಲ್ಲಿ ಬರೆದರೂ ಸಾಲ ಸಾಲವೇ, ಎರಡು ಪಟ್ಟು ಎರಡು ಪಟ್ಟೇ.

ಆದರೆ ತಾಪಮಾನದಲ್ಲಿ ವ್ಯತ್ಯಾಸ ಗಟ್ಟಿಯಾಗಿ ನಿಲ್ಲುತ್ತದೆ. ಸೆಲ್ಸಿಯಸ್‌ನಲ್ಲಿ −10 − (−20) = 10. ಫ್ಯಾರನ್‌ಹೀಟಿನಲ್ಲಿ 14 − (−4) = 18. ಸೆಲ್ಸಿಯಸ್‌ನ 10 ಡಿಗ್ರಿಯ ಏರಿಕೆ ಎಂದರೆ ಫ್ಯಾರನ್‌ಹೀಟಿನ 18 ಡಿಗ್ರಿಯ ಏರಿಕೆಯೇ, ಆದ್ದರಿಂದ ಎರಡೂ ಒಂದೇ ಮಾತನ್ನು ಹೇಳುತ್ತಿವೆ. ಆರಂಭದ ಎರಡನೇ ಪ್ರಶ್ನೆಗೂ ಇದೇ ದಾರಿ: 4 − (−10) = 14 ಡಿಗ್ರಿ. 6 ಎಂದು ಬರೆಯುವವರು 10ರಿಂದ 4ನ್ನು ಕಳೆದಿರುತ್ತಾರೆ. ಗೆರೆ ಎಳೆದು ನೋಡಿದರೆ −10ರಿಂದ ಸೊನ್ನೆಗೆ ಹತ್ತು ಹೆಜ್ಜೆ, ಸೊನ್ನೆಯಿಂದ 4ಕ್ಕೆ ನಾಲ್ಕು ಹೆಜ್ಜೆ. ಸೊನ್ನೆಯ ಎರಡು ಬದಿಗಿರುವ ಸಂಖ್ಯೆಗಳ ಅಂತರ ಎರಡಕ್ಕಿಂತಲೂ ದೊಡ್ಡದಾಗಿಯೇ ಇರಬೇಕು. ಉತ್ತರ ಹಾಗಿಲ್ಲದಿದ್ದರೆ ಎಲ್ಲೋ ಚಿಹ್ನೆ ಬಿಟ್ಟುಹೋಗಿದೆ ಎಂದು ಅಲ್ಲೇ ತಿಳಿಯುತ್ತದೆ.

ಮುಂದಿನ ಸಲ ಇಂಥ ಪ್ರಶ್ನೆ ಎದುರಾದಾಗ ಹಾಳೆಯ ಅಂಚಿನಲ್ಲಿ ಒಂದು ಗೆರೆ ಎಳೆದು ಸೊನ್ನೆಯನ್ನು ಗುರುತಿಸಿ. ಅದು ಸಾಲದ ಹಾಗೆ ನಿಜವಾದ ಸೊನ್ನೆಯೇ, ತಾಪಮಾನದ ಹಾಗೆ ನಾವು ಇಟ್ಟುಕೊಂಡ ಗುರುತೇ, ಅಥವಾ ಕ್ರಿಸ್ತಶಕದ ಹಾಗೆ ಇಲ್ಲವೇ ಇಲ್ಲವೇ ಎಂದು ನೋಡಿ. ಕೂಡುವುದೋ ಕಳೆಯುವುದೋ ಎಂಬ ನಿರ್ಧಾರ ಆಮೇಲೆ.