ಮಧ್ಯಮ ಉದ್ದದ ಉಕ್ಕಿನ ಕಂಬದ ವಿನ್ಯಾಸ: ಆಯ್ಲರ್ ಸೂತ್ರದ ಎಲ್ಲೆ ಮತ್ತು ಪರವಲಯ ಸೂತ್ರದ ಬಳಕೆ

ಅಕ್ಷೀಯ ಭಾರವನ್ನು ಹೊತ್ತ ಕಂಬವು ಎರಡು ಬಗೆಯಲ್ಲಿ ಸೋಲಬಲ್ಲದು. ಅತಿ ಗಿಡ್ಡನೆಯ ಕಂಬದಲ್ಲಿ ಉಕ್ಕು ತನ್ನ ಯೀಲ್ಡ್ ಪ್ರತಿಬಲವನ್ನು ಮುಟ್ಟಿ ಜಜ್ಜಿಹೋಗುತ್ತದೆ. ಅತಿ ಉದ್ದನೆಯ ಕಂಬದಲ್ಲಿ ಉಕ್ಕು ಪೂರ್ಣವಾಗಿ ಸ್ಥಿತಿಸ್ಥಾಪಕವಾಗಿಯೇ ಇರುವಾಗ ಕಂಬವು ಪಕ್ಕಕ್ಕೆ ಬಾಗಿ ತನ್ನ ನೆಟ್ಟನೆಯ ನಿಲುವನ್ನು ಕಳೆದುಕೊಳ್ಳುತ್ತದೆ. ಈ ಎರಡನೆಯ ಬಗೆಯ ಸೋಲಿಗೆ ಲಿಯೊನಾರ್ಡ್ ಆಯ್ಲರನು 1744ರಲ್ಲಿ ಗಣಿತದ ರೂಪವನ್ನು ಕೊಟ್ಟನು. ಆದರೆ ಯಂತ್ರಗಳಲ್ಲಿಯೂ ಕಟ್ಟಡಗಳಲ್ಲಿಯೂ ಬಳಕೆಯಾಗುವ ಬಹುಪಾಲು ಕಂಬಗಳು ಈ ಎರಡು ತುದಿಗಳ ನಡುವೆ ಬರುತ್ತವೆ. ಅಂತಹ ಕಂಬಕ್ಕೆ ಆಯ್ಲರ್ ಸೂತ್ರವನ್ನು ಅನ್ವಯಿಸಿದರೆ ದೊರೆಯುವ ಉತ್ತರವು ನೋಡಲು ಸರಿಯಾಗಿಯೇ ಕಾಣುತ್ತದೆ. ಆದರೆ ಅದು ಅಪಾಯದ ಕಡೆಗೆ ತಪ್ಪಾಗಿರುತ್ತದೆ. ಆ ತಪ್ಪು ಹೇಗೆ ಹುಟ್ಟುತ್ತದೆ, ಅದನ್ನು ಹೇಗೆ ಗುರುತಿಸಬೇಕು, ಪರವಲಯ ಸೂತ್ರವು ಅದನ್ನು ಹೇಗೆ ಸರಿಪಡಿಸುತ್ತದೆ ಎಂಬುದನ್ನು ಒಂದು ಉದಾಹರಣೆಯ ಮೂಲಕ ವಿವರಿಸುವುದು ಈ ಲೇಖನದ ಉದ್ದೇಶವಾಗಿದೆ.

1. ಆಯ್ಲರ್ ಸೂತ್ರವು ಮರೆಮಾಚುವ ಸಂಗತಿ

ಕಂಬದ ಪರಿಣಾಮಕಾರಿ ಉದ್ದವನ್ನು KL ಎಂದೂ, ಅದರ ಅಡ್ಡಕೊಯ್ತದ ಕನಿಷ್ಠ ಪರಿಭ್ರಮಣ ತ್ರಿಜ್ಯವನ್ನು r ಎಂದೂ ಕರೆದರೆ, KL/r ಎಂಬುದು ಕಂಬದ ಕೃಶತಾ ಅನುಪಾತ. ಆಯ್ಲರ್ ಸೂತ್ರದ ಪ್ರಕಾರ ಕಂಬವು ಬಾಗುವ ಕ್ಷಣದ ಸರಾಸರಿ ಪ್ರತಿಬಲ ಹೀಗಿದೆ:

σ = π²E / (KL/r)²

ಇಲ್ಲಿ E ಎಂಬುದು ಯಂಗನ ಗುಣಾಂಕ. ಈ ಸೂತ್ರದಲ್ಲಿ ಉಕ್ಕಿನ ಯೀಲ್ಡ್ ಪ್ರತಿಬಲಕ್ಕೆ ಸ್ಥಾನವೇ ಇಲ್ಲವೆಂಬುದು ಗಮನಾರ್ಹ. ಕೃಶತಾ ಅನುಪಾತವು ಕಡಿಮೆಯಾದಂತೆಲ್ಲ ಸೂತ್ರವು ಹೇಳುವ ಪ್ರತಿಬಲವು ಮಿತಿಯಿಲ್ಲದೆ ಏರುತ್ತ ಹೋಗುತ್ತದೆ. ಉಕ್ಕು ಎಂದೂ ತಾಳಲಾರದ ಮಟ್ಟವನ್ನೂ ದಾಟುತ್ತದೆ. E ಸ್ಥಿರವಾಗಿರುವವರೆಗೆ ಮಾತ್ರ ಸೂತ್ರವು ಸತ್ಯ. ಪ್ರತಿಬಲವು ಸ್ಥಿತಿಸ್ಥಾಪಕ ಮಿತಿಯನ್ನು ಮೀರಿದೊಡನೆ ಉಕ್ಕಿನ ಬಿಗಿತ ಕುಗ್ಗುತ್ತದೆ. ಆಗ ಯಂಗನ ಗುಣಾಂಕದ ಸ್ಥಾನದಲ್ಲಿ ಅದಕ್ಕಿಂತ ಕಡಿಮೆಯಾದ ಸ್ಪರ್ಶಕ ಗುಣಾಂಕವನ್ನು ಇಡಬೇಕಾಗುತ್ತದೆ. ಈ ವಿಚಾರವನ್ನು ಎಂಗೆಸ್ಸರ್ 1889ರಲ್ಲಿ ಮಂಡಿಸಿದನು. ನೆಟ್ಟಗಿರುವ ಕಂಬವು ಬಾಗಲು ತೊಡಗುವ ಭಾರವನ್ನು ಸ್ಪರ್ಶಕ ಗುಣಾಂಕವೇ ನಿರ್ಧರಿಸುತ್ತದೆಂಬುದು ದೀರ್ಘಕಾಲದ ಚರ್ಚೆಯ ಬಳಿಕ 1947ರಲ್ಲಿ ಶ್ಯಾನ್ಲಿಯ ಪ್ರಬಂಧದಿಂದ ಸ್ಪಷ್ಟವಾಯಿತು.

2. ಪರವಲಯ ಸೂತ್ರದ ಹುಟ್ಟು ಮತ್ತು ಅದರ ಆಧಾರ

ಸ್ಪರ್ಶಕ ಗುಣಾಂಕವನ್ನು ಪ್ರತಿ ವಿನ್ಯಾಸದಲ್ಲಿಯೂ ಕಂಡುಹಿಡಿಯುವುದು ಕಷ್ಟದ ಕೆಲಸ. ಅಮೆರಿಕದ ಎಂಜಿನಿಯರ್ ಜಾನ್ ಬಟ್ಲರ್ ಜಾನ್ಸನ್ (1850–1902) ಇದಕ್ಕಿಂತ ಸರಳವಾದ ದಾರಿಯನ್ನು ಸೂಚಿಸಿದನು. ಕೃಶತಾ ಅನುಪಾತವು ಸೊನ್ನೆಯಾಗಿರುವಲ್ಲಿ ಯೀಲ್ಡ್ ಪ್ರತಿಬಲದಿಂದ ಹೊರಟು, ಮುಂದೆ ಆಯ್ಲರ್ ವಕ್ರರೇಖೆಯನ್ನು ನಯವಾಗಿ ಸ್ಪರ್ಶಿಸುವ ಒಂದು ಪರವಲಯವನ್ನು ಎಳೆಯುವುದೇ ಆ ದಾರಿ. ಸ್ಪರ್ಶಬಿಂದುವಿನಲ್ಲಿ ಎರಡು ರೇಖೆಗಳ ಎತ್ತರವೂ ಇಳಿಜಾರೂ ಒಂದೇ ಆಗಿರಬೇಕೆಂಬ ನಿಬಂಧನೆಯನ್ನು ಹಾಕಿದರೆ ಉಳಿದದ್ದೆಲ್ಲ ತಾನಾಗಿ ಗೊತ್ತಾಗುತ್ತದೆ. ಯೀಲ್ಡ್ ಪ್ರತಿಬಲವನ್ನು s ಎಂದು ಬರೆದರೆ,

σ = s [ 1 − s (KL/r)² / (4π²E) ]

C = √(2π²E / s)

C ಎಂಬುದು ಎರಡು ರೇಖೆಗಳು ಕೂಡುವ ಕೃಶತಾ ಅನುಪಾತ. ಆ ಬಿಂದುವಿನಲ್ಲಿ ಪ್ರತಿಬಲವು ಯೀಲ್ಡ್ ಪ್ರತಿಬಲದ ಸರಿಯಾಗಿ ಅರ್ಧದಷ್ಟಿರುತ್ತದೆ. ಕೃಶತಾ ಅನುಪಾತವು C ಗಿಂತ ಹೆಚ್ಚಾಗಿದ್ದರೆ ಆಯ್ಲರ್ ಸೂತ್ರ, ಕಡಿಮೆಯಾಗಿದ್ದರೆ ಪರವಲಯ ಸೂತ್ರ ಎಂಬುದು ವಿನ್ಯಾಸದ ನಿಯಮ.

ಈ ಅರ್ಧದ ಲೆಕ್ಕವು ಮೊದಲಿಗೆ ಜ್ಯಾಮಿತಿಯ ಅನುಕೂಲದಿಂದ ಬಂದದ್ದಾದರೂ ಮುಂದೆ ಅದಕ್ಕೆ ಭೌತಿಕ ಸಮರ್ಥನೆಯೂ ದೊರೆಯಿತು. ಬಿಸಿಯಾಗಿ ಉರುಳಿಸಿದ ಉಕ್ಕಿನ ತೊಲೆಯು ತಣಿಯುವಾಗ ಅದರ ಫ್ಲೇಂಜಿನ ಅಂಚುಗಳು ಮೊದಲು ತಣಿದು ಗಟ್ಟಿಯಾಗುತ್ತವೆ. ನಡುಭಾಗವು ಅನಂತರ ತಣಿದು ಕುಗ್ಗುವಾಗ ಈ ಅಂಚುಗಳನ್ನು ಒತ್ತುತ್ತದೆ. ಹೀಗೆ ಹೊರಗಿನ ಭಾರವೇ ಇಲ್ಲದಿರುವಾಗಲೂ ಅಂಚುಗಳಲ್ಲಿ ಸಂಪೀಡನದ ಉಳಿಕೆ ಪ್ರತಿಬಲವು ನೆಲೆಸಿರುತ್ತದೆ. ಅಮೆರಿಕದ ಲೀಹೈ ವಿಶ್ವವಿದ್ಯಾಲಯದ ಅಧ್ಯಯನಗಳಲ್ಲಿ ಇದು ಯೀಲ್ಡ್ ಪ್ರತಿಬಲದ ಸುಮಾರು 0.3ರಷ್ಟು ಕಂಡುಬಂದಿತು. ಆದುದರಿಂದ ಸರಾಸರಿ ಪ್ರತಿಬಲವು ಯೀಲ್ಡ್ ಮಟ್ಟಕ್ಕೆ ಬಹಳ ಕೆಳಗಿರುವಾಗಲೇ ಅಂಚುಗಳು ಯೀಲ್ಡ್ ಆಗಿ ಕಂಬದ ಬಿಗಿತ ಇಳಿಯುತ್ತದೆ. ಅಮೆರಿಕದ ಕಂಬ ಸಂಶೋಧನಾ ಮಂಡಳಿಯು ಸುರಕ್ಷತೆಯ ಕಡೆಗೆ ವಾಲಿ, ಸ್ಥಿತಿಸ್ಥಾಪಕ ವ್ಯಾಪ್ತಿಯ ಮೇಲಂಚನ್ನು ಯೀಲ್ಡ್ ಪ್ರತಿಬಲದ ಅರ್ಧವೆಂದು ಇಟ್ಟುಕೊಂಡಿತು. ಆ ದೇಶದ 1961ರ ಉಕ್ಕಿನ ಕಟ್ಟಡ ಸಂಹಿತೆಯು ಇದೇ ಪರವಲಯವನ್ನು ಅಂಗೀಕರಿಸಿತು.

3. ಒಂದು ವಿನ್ಯಾಸ

ಯಂತ್ರವೊಂದರಲ್ಲಿ 100 ಕಿಲೋನ್ಯೂಟನ್ ಸಂಪೀಡನ ಭಾರವನ್ನು ಹೊರಬೇಕಾದ ಘನ ದುಂಡು ಉಕ್ಕಿನ ಆಧಾರಕಂಬವನ್ನು ವಿನ್ಯಾಸಗೊಳಿಸಬೇಕೆಂದು ಭಾವಿಸೋಣ. ಎರಡೂ ತುದಿಗಳು ಪಿನ್ನಿನ ಮೇಲೆ ತಿರುಗಬಲ್ಲವು; ಆದುದರಿಂದ K = 1. ಉದ್ದ 800 ಮಿ.ಮೀ. ಸುರಕ್ಷತಾ ಗುಣಕ 3 ಇರಬೇಕು. ಅಂದರೆ ಕಂಬದ ನಿರ್ಣಾಯಕ ಭಾರ 300 ಕಿಲೋನ್ಯೂಟನ್‌ಗೆ ಕಡಿಮೆಯಾಗಬಾರದು. ಉಕ್ಕಿನ ಯೀಲ್ಡ್ ಪ್ರತಿಬಲ 250 ಮೆಗಾಪಾಸ್ಕಲ್. ಯಂಗನ ಗುಣಾಂಕ 2,00,000 ಮೆಗಾಪಾಸ್ಕಲ್. ಈ ಉಕ್ಕಿಗೆ C = 125.7.

ವ್ಯಾಸವು ಗೊತ್ತಿಲ್ಲದಿರುವುದರಿಂದ ಕೃಶತಾ ಅನುಪಾತವೂ ಗೊತ್ತಿರುವುದಿಲ್ಲ. ಯಾವ ಸೂತ್ರವನ್ನು ಬಳಸಬೇಕೆಂಬುದನ್ನು ಮೊದಲೇ ಹೇಳಲಾಗದು. ಒಂದು ಸೂತ್ರವನ್ನು ಊಹಿಸಿಕೊಂಡು ಹೊರಟು ಕೊನೆಯಲ್ಲಿ ಪರೀಕ್ಷಿಸುವುದೇ ವಾಡಿಕೆ. ಉದ್ದ ಕಂಬವೆಂದು ಊಹಿಸಿ ಆಯ್ಲರ್ ಸೂತ್ರವನ್ನು ಬಳಸಿದರೆ ಬೇಕಾದ ಜಡತ್ವ ಭ್ರಾಮಕ ಸುಮಾರು 97,270 ಮಿ.ಮೀ.⁴ ಬರುತ್ತದೆ, ಇದಕ್ಕೆ ತಕ್ಕ ವ್ಯಾಸ 37.5 ಮಿ.ಮೀ.

ಇಲ್ಲಿಗೆ ನಿಲ್ಲಿಸಿದರೆ ತಪ್ಪು ಒಳಗೇ ಉಳಿದುಬಿಡುತ್ತದೆ. ದುಂಡು ಸರಳಿನ ಪರಿಭ್ರಮಣ ತ್ರಿಜ್ಯವು ವ್ಯಾಸದ ಕಾಲುಭಾಗ, ಅಂದರೆ 9.38 ಮಿ.ಮೀ. ಕೃಶತಾ ಅನುಪಾತ 800/9.38, ಸುಮಾರು 85. ಇದು 125.7ಕ್ಕಿಂತ ಬಹಳ ಕಡಿಮೆ. ಆದುದರಿಂದ ಉದ್ದ ಕಂಬವೆಂಬ ಊಹೆ ಬಿದ್ದುಹೋಯಿತು. ಅದನ್ನು ಮತ್ತೊಂದು ರೀತಿಯಲ್ಲಿಯೂ ಕಾಣಬಹುದು. ಈ ಸರಳಿನ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 1105 ಚದರ ಮಿ.ಮೀ.; 300 ಕಿಲೋನ್ಯೂಟನ್ ಭಾರಕ್ಕೆ ಪ್ರತಿಬಲ 271 ಮೆಗಾಪಾಸ್ಕಲ್ ಆಗುತ್ತದೆ. ಉಕ್ಕು 250ಕ್ಕೇ ಯೀಲ್ಡ್ ಆಗುವಾಗ 271ರವರೆಗೆ ಅದು ಸ್ಥಿತಿಸ್ಥಾಪಕವಾಗಿರುತ್ತದೆಂದು ಸೂತ್ರವು ನಂಬಿಕೊಂಡಿದೆ. ಆಯ್ಲರ್ ಸೂತ್ರದಿಂದ ಬಂದ ಯಾವುದೇ ಉತ್ತರದಲ್ಲಿ ನಿರ್ಣಾಯಕ ಭಾರವನ್ನು ವಿಸ್ತೀರ್ಣದಿಂದ ಭಾಗಿಸಿ ನೋಡಿದಾಗ ಅದು ಯೀಲ್ಡ್ ಪ್ರತಿಬಲದ ಅರ್ಧವನ್ನು ಮೀರಿದ್ದರೆ ಆ ಉತ್ತರವನ್ನು ಕೈಬಿಡಬೇಕು. ವಿನ್ಯಾಸಕಾರನಿಗೆ ಇದಕ್ಕಿಂತ ಸುಲಭವಾದ ಪರೀಕ್ಷೆ ಬೇರೊಂದಿಲ್ಲ.

ಇನ್ನು ಪರವಲಯ ಸೂತ್ರ. ದುಂಡು ಸರಳಿಗೆ r = D/4 ಎಂದು ಇಟ್ಟರೆ ಅದು ವ್ಯಾಸಕ್ಕೆ ನೇರವಾಗಿ ಬಿಡಿಸಬಹುದಾದ ರೂಪಕ್ಕೆ ಬರುತ್ತದೆ. ನಿರ್ಣಾಯಕ ಭಾರವನ್ನು P ಎಂದು ಬರೆದರೆ,

D² = 4P / (πs) + 4s (KL)² / (π²E)

ಬಲಬದಿಯ ಮೊದಲನೆಯ ಪದವು ಬರಿಯ ಜಜ್ಜುವಿಕೆಗೆ ಬೇಕಾದ ಪಾಲು, ಎರಡನೆಯದು ಬಾಗುವಿಕೆಯ ಕಾರಣದಿಂದ ಕೂಡಿಸಬೇಕಾದ ಪಾಲು. ಇಲ್ಲಿ ಮೊದಲನೆಯದು 1528, ಎರಡನೆಯದು 324, ಒಟ್ಟು 1852. ವ್ಯಾಸ 43.04 ಮಿ.ಮೀ. ಇದನ್ನು ಮೇಲಕ್ಕೆ ಸರಿಹೊಂದಿಸಿ 45 ಮಿ.ಮೀ. ಸರಳನ್ನು ಆರಿಸಿಕೊಳ್ಳಬಹುದು. ಆಗ ಕೃಶತಾ ಅನುಪಾತ 71; ಇದು C ಗಿಂತ ಕಡಿಮೆಯಿರುವುದರಿಂದ ಸೂತ್ರದ ಆಯ್ಕೆ ಸರಿ. ನಿರ್ಣಾಯಕ ಪ್ರತಿಬಲ 210 ಮೆಗಾಪಾಸ್ಕಲ್, ನಿರ್ಣಾಯಕ ಭಾರ ಸುಮಾರು 334 ಕಿಲೋನ್ಯೂಟನ್, ಸುರಕ್ಷತಾ ಗುಣಕ 3.34.

ಆಯ್ಲರ್ ಉತ್ತರವನ್ನು ನಂಬಿ 38 ಮಿ.ಮೀ. ಸರಳನ್ನು ಹಾಕಿದ್ದರೆ ಏನಾಗುತ್ತಿತ್ತು? ಆಯ್ಲರ್ ಲೆಕ್ಕದಲ್ಲಿ ಅದರ ನಿರ್ಣಾಯಕ ಭಾರ 316 ಕಿಲೋನ್ಯೂಟನ್. ಪರವಲಯ ಸೂತ್ರದ ಲೆಕ್ಕದಲ್ಲಿ 220 ಮಾತ್ರ. ಕಾಗದದ ಮೇಲೆ 3ಕ್ಕಿಂತ ಹೆಚ್ಚಾಗಿ ಕಾಣುವ ಸುರಕ್ಷತಾ ಗುಣಕವು ವಾಸ್ತವದಲ್ಲಿ 2.2ಕ್ಕೆ ಇಳಿದಿರುತ್ತದೆ. ದಿನನಿತ್ಯದ 100 ಕಿಲೋನ್ಯೂಟನ್ ಭಾರದಲ್ಲಿ ಕಂಬವು ನಿಂತೇ ಇರುವುದರಿಂದ ಈ ಕೊರತೆ ಕಣ್ಣಿಗೆ ಬೀಳುವುದಿಲ್ಲ. ಹೊಡೆತವೊಂದು ಭಾರವನ್ನು ಎರಡೂಕಾಲು ಪಟ್ಟು ಮಾಡಿದ ದಿನ ಮಾತ್ರ ಅದು ಪ್ರಕಟವಾಗುತ್ತದೆ. ಎರಡು ಸರಳುಗಳ ತೂಕದ ವ್ಯತ್ಯಾಸ ಶೇ. 40.

4. ಹೆಚ್ಚು ಬಲದ ಉಕ್ಕು

C ಯ ಬೆಲೆ ಉಕ್ಕಿನ ಬಲದೊಂದಿಗೆ ಬದಲಾಗುತ್ತದೆ. ಯೀಲ್ಡ್ ಪ್ರತಿಬಲ 250 ಇರುವಲ್ಲಿ 125.7 ಇದ್ದದ್ದು 500 ಇರುವಲ್ಲಿ 88.9ಕ್ಕೆ ಇಳಿಯುತ್ತದೆ. ಹೀಗಾಗಿ ಕೃಶತಾ ಅನುಪಾತ 100 ಇರುವ ಕಂಬವು ಮೆದು ಉಕ್ಕಿನಲ್ಲಿ ಮಧ್ಯಮ ಉದ್ದದ್ದು, ಬಲಿಷ್ಠ ಉಕ್ಕಿನಲ್ಲಿ ಉದ್ದದ್ದು. ಮೊದಲನೆಯದರ ನಿರ್ಣಾಯಕ ಪ್ರತಿಬಲ 171, ಎರಡನೆಯದರದು 197 ಮೆಗಾಪಾಸ್ಕಲ್. ಯೀಲ್ಡ್ ಪ್ರತಿಬಲವನ್ನು ಇಮ್ಮಡಿಗೊಳಿಸಿದರೂ ದೊರೆಯುವ ಲಾಭ ಶೇ. 16ರಷ್ಟೇ. ಒಂದು ಉಕ್ಕಿಗೆ ಕಲಿತ ಎಲ್ಲೆಯನ್ನು ಇನ್ನೊಂದು ಉಕ್ಕಿಗೆ ಹಾಗೆಯೇ ಒಯ್ಯುವುದು ಈ ಕಾರಣಕ್ಕಾಗಿ ಸಲ್ಲದು.

5. ಪರವಲಯ ಸೂತ್ರದ ಮಿತಿಗಳು

ಈ ಸೂತ್ರವು ಕಂಬವು ಪೂರ್ಣ ನೆಟ್ಟಗಿದೆ, ಭಾರವು ಅಕ್ಷದ ಮೇಲೆಯೇ ಬೀಳುತ್ತದೆ ಎಂದು ಗ್ರಹಿಸುತ್ತದೆ. ನಿಜವಾದ ಕಂಬದಲ್ಲಿ ತಯಾರಿಕೆಯ ಸಣ್ಣ ಡೊಂಕು ಇದ್ದೇ ಇರುತ್ತದೆ. ಅದನ್ನು ಸುರಕ್ಷತಾ ಗುಣಕವೇ ಭರಿಸಬೇಕು. 1961ರ ಅಮೆರಿಕದ ಸಂಹಿತೆಯು ಗಿಡ್ಡ ಕಂಬಕ್ಕೆ 1.67 ಇದ್ದ ಗುಣಕವನ್ನು C ಯ ಬಳಿಗೆ ಬರುವಷ್ಟರಲ್ಲಿ 1.92ಕ್ಕೆ ಏರಿಸಿದ್ದು ಇದಕ್ಕಾಗಿಯೇ.

ಭಾರತದ ಉಕ್ಕಿನ ಸಂಹಿತೆ ಐಎಸ್ 800 ಬೇರೆ ದಾರಿಯನ್ನು ಹಿಡಿದಿದೆ. 1962ರ ಆವೃತ್ತಿಯು ಸೀಕ್ಯಾಂಟ್ ಸೂತ್ರವನ್ನೂ, 1984ರ ಆವೃತ್ತಿಯು ಮರ್ಚೆಂಟ್–ರ‍್ಯಾಂಕಿನ್ ಸೂತ್ರವನ್ನೂ ಅನುಸರಿಸಿದವು. 2007ರ ಆವೃತ್ತಿಯು ಡೊಂಕನ್ನು ಸೂತ್ರದೊಳಗೇ ಸೇರಿಸಿಕೊಂಡ ಪೆರಿ–ರಾಬರ್ಟ್‌ಸನ್ ಮಾದರಿಯ ನಾಲ್ಕು ವಕ್ರರೇಖೆಗಳನ್ನು ಕೊಟ್ಟಿತು. ಮೇಲಿನ 45 ಮಿ.ಮೀ. ಸರಳನ್ನು ಘನ ಅಡ್ಡಕೊಯ್ತಗಳಿಗೆ ಅದು ನಿಗದಿಪಡಿಸಿರುವ ವಕ್ರರೇಖೆಯಿಂದ ಪರೀಕ್ಷಿಸಿದರೆ, ಭಾಗಶಃ ಸುರಕ್ಷತಾ ಗುಣಕವನ್ನು ಸೇರಿಸುವ ಮುನ್ನ, ಪ್ರತಿಬಲ ಸುಮಾರು 165 ಮೆಗಾಪಾಸ್ಕಲ್, ಭಾರ 263 ಕಿಲೋನ್ಯೂಟನ್ ಬರುತ್ತದೆ. ಪರವಲಯವು ಹೇಳಿದ 334ಕ್ಕೂ ಇದಕ್ಕೂ ಇರುವ ಅಂತರವೇ ಡೊಂಕಿನ ಬೆಲೆ. ಆದುದರಿಂದ ಭಾರತದಲ್ಲಿ ಕಟ್ಟಡದ ಕಂಬಕ್ಕೆ ಸಂಹಿತೆಯ ವಕ್ರರೇಖೆಯೇ ಪ್ರಮಾಣ. ಪರವಲಯ ಸೂತ್ರವು ಯಂತ್ರಭಾಗಗಳ ವಿನ್ಯಾಸಕ್ಕೂ ಪ್ರಾಥಮಿಕ ಲೆಕ್ಕಕ್ಕೂ ಸಲ್ಲುತ್ತದೆ. ಪಿನ್ನಿನ ಕೇಂದ್ರವು ಸರಳಿನ ಅಕ್ಷದಿಂದ ಸರಿದಿದ್ದರೆ, ಅಥವಾ ತೆಳುಗೋಡೆಯ ಕೊಳವೆಯಲ್ಲಿ ಗೋಡೆಯೇ ಮೊದಲು ಸುಕ್ಕುಗಟ್ಟುವಂತಿದ್ದರೆ, ಈ ಸೂತ್ರವೂ ಸಾಲದು. ಅಲ್ಲಿ ಆ ದೋಷಗಳನ್ನು ಪ್ರತ್ಯೇಕವಾಗಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ.