ಒಡೆದಿದ್ದೋ, ಬೇರ್ಪಟ್ಟಿದ್ದೋ?

ಅಪ್ಪನಿಗೆ ಹಸುವಿನ ಹಾಲು ಜೀರ್ಣವಾಗುವುದಿಲ್ಲ, ಕಾಫಿ ಬಿಡಲೂ ಆಗುವುದಿಲ್ಲ. ಹಾಗಾಗಿ ನಮ್ಮನೆಯಲ್ಲಿ ಬಾದಾಮಿ ಹಾಲು, ಸೋಯಾ ಹಾಲು ಎರಡನ್ನೂ ಮಾಡುತ್ತೇವೆ. ಬಂದವರು ಫ್ರಿಜ್‌ನಲ್ಲಿರುವ ಬಾಟಲಿ ನೋಡಿ ‘ಅಯ್ಯೋ, ಒಡೆದಿದೆ, ಚೆಲ್ಲಿ’ ಅನ್ನುತ್ತಾರೆ. ಚೆಲ್ಲುವ ಮೊದಲು ಒಮ್ಮೆ ಅಲ್ಲಾಡಿಸಿ ನೋಡಬೇಕು.

ನೆನೆಸಿದ ಬಾದಾಮಿಯನ್ನು ರುಬ್ಬಿ ಸೋಸಿದಾಗ ಎಣ್ಣೆಯ ಸಣ್ಣ ಹನಿಗಳೂ ಬಟ್ಟೆ ದಾಟಿ ಬಂದ ನುಣ್ಣನೆಯ ಕಣಗಳೂ ನೀರಿನಲ್ಲಿ ಸೇರಿಕೊಂಡಿರುತ್ತವೆ, ಕರಗಿರುವುದಿಲ್ಲ. ಹಾಗೇ ಇಟ್ಟರೆ ಹಗುರವಾದ ಎಣ್ಣೆ ಮೇಲೇರುತ್ತದೆ, ಕಣಗಳು ತಳಕ್ಕೆ ಕೂರುತ್ತವೆ. ಅಂಗಡಿಯ ಹಾಲಿಗೆ ಸಾಮಾನ್ಯವಾಗಿ ಗೆಲ್ಲನ್ ಗಮ್‌ನಂಥ ಅಂಟು ಹಾಕಿ ಇದನ್ನು ತಡೆಯುತ್ತಾರೆ. ಮನೆಯದನ್ನು ಅಲ್ಲಾಡಿಸಿದರೆ ಮತ್ತೆ ಕೂಡಿಕೊಳ್ಳುತ್ತದೆ.

ಸೋಯಾ ಹಾಲಿನದು ಬೇರೆ ಕಥೆ. ನಾನು 100 ಗ್ರಾಂ ಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಉಜ್ಜಿ ಸಿಪ್ಪೆ ತೆಗೆದು, ಸುಮಾರು 800 ಮಿಲಿ ನೀರು ಹಾಕಿ ರುಬ್ಬಿ, ತೆಳು ಬಟ್ಟೆಯಲ್ಲಿ ಹಿಂಡುತ್ತೇನೆ. ಒಲೆಗಿಟ್ಟ ಸ್ವಲ್ಪ ಹೊತ್ತಿಗೇ ನೊರೆ ಉಕ್ಕುತ್ತದೆ. ಅದು ಕುದಿ ಬಂದಂತೆ ಕಾಣುತ್ತದೆ, ಆದರೆ ಹಾಲು ಇನ್ನೂ ಬೆಂದಿರುವುದಿಲ್ಲ. ಉರಿ ತಗ್ಗಿಸಿ, ತಳ ಹಿಡಿಯದಂತೆ ಕೈಯಾಡಿಸುತ್ತಾ ನಿಜವಾಗಿ ಕುದಿಯಲು ಬಿಟ್ಟು, ಆಮೇಲೂ ಹದಿನೈದು ನಿಮಿಷ ಕುದಿಸಬೇಕು. ಹಸಿ ಸೋಯಾದಲ್ಲಿ ಪ್ರೋಟೀನ್ ಜೀರ್ಣವಾಗಲು ಬಿಡದ ಅಂಶವಿದೆ. ಅದರ ಬಲ ಕುಗ್ಗುವುದು ಈ ಕುದಿಯಲ್ಲೇ.

ಇಷ್ಟು ಮಾಡಿದ ಹಾಲನ್ನು ಫ್ರಿಜ್‌ನಿಂದ ತೆಗೆದು ಬಿಸಿ ಡಿಕಾಕ್ಷನ್‌ಗೆ ಸುರಿಯಿರಿ, ಲೋಟದಲ್ಲಿ ಚೂರುಚೂರು ಗಟ್ಟಿ ತೇಲುತ್ತದೆ. ಇದು ನಿಜವಾದ ಒಡೆಯುವಿಕೆ. ಸೋಯಾ ಪ್ರೋಟೀನ್ ಕಣಗಳು ಒಂದನ್ನೊಂದು ದೂರ ತಳ್ಳಿಕೊಂಡು ನೀರಿನಲ್ಲಿ ಹರಡಿರುತ್ತವೆ. ಕಾಫಿಯ ಹುಳಿ ಆ ತಳ್ಳಾಟವನ್ನು ಕಡಿಮೆ ಮಾಡುತ್ತದೆ, ಬಿಸಿ ಜೊತೆಯಾದರೆ ಕಣಗಳು ಅಂಟಿಕೊಳ್ಳುತ್ತವೆ. ಬಿಸಿ ಸೋಯಾ ಹಾಲಿಗೆ ನಿಂಬೆರಸ ಹಿಂಡಿ ತೋಫು ಮಾಡುವುದೂ ಹೀಗೇ. ಕುಡಿದರೆ ತೊಂದರೆಯಿಲ್ಲ, ಆದರೆ ಆ ಲೋಟವನ್ನು ಅಪ್ಪನ ಮುಂದಿಡಲು ಧೈರ್ಯ ಬೇಕು!

ಇದನ್ನು ಅಲ್ಲಾಡಿಸಿ ಸರಿಮಾಡಲಾಗದು, ತಪ್ಪಿಸಬಹುದು ಅಷ್ಟೆ. ನಮ್ಮಲ್ಲಿ ಡಿಕಾಕ್ಷನ್ ಎರಡು ನಿಮಿಷ ಆರಬೇಕು, ಹಾಲು ಬೆಚ್ಚಗಾಗಬೇಕು. ಆಮೇಲೆ ಡಿಕಾಕ್ಷನ್‌ಗೆ ಹಾಲಲ್ಲ, ಹಾಲಿಗೆ ಡಿಕಾಕ್ಷನ್ ಸ್ವಲ್ಪಸ್ವಲ್ಪವೇ ಬೀಳಬೇಕು. ಕಡುವಾಗಿ ಹುರಿದ ಪುಡಿಯಲ್ಲಿ ಹುಳಿ ಕಡಿಮೆ, ಅದಕ್ಕೇ ಅಪ್ಪನ ಪುಡಿಯನ್ನೂ ಬದಲಾಯಿಸಿದ್ದೇವೆ. ಗೊಣಗುತ್ತಲೇ ಒಪ್ಪಿದರು.

ಮೂರನೇ ದಿನ ದಾಟಿದ ಹಾಲನ್ನು ಮಾತ್ರ ಮೊದಲು ಬರೀ ಬಿಸಿ ಮಾಡಿ ನೋಡುತ್ತೇನೆ. ಕಾಫಿ ಸೋಕದೆಯೇ ಒಡೆದರೆ, ಹುಳಿ ಹಾಲಿನೊಳಗೇ ಹುಟ್ಟಿದೆ. ಅಂಥದ್ದನ್ನು ಚೆಲ್ಲುತ್ತೇನೆ.